ಲೇಓವರ್ ಅಂದ್ರೆ ಏನು, ಬ್ಯಾಗ್ ಎಲ್ಲಿ ಸಿಗುತ್ತೆ? ಮೊದಲ ಸಲ ವಿಮಾನ ಹತ್ತುವವರಿಗೆ

ತಿಪಟೂರಿನ ನಮ್ಮ ದೊಡ್ಡಮ್ಮ ಹೋದ ವರ್ಷ ಜೂನ್‌ನಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟರು. ಮಗಳಿರುವುದು ಮಿನಿಯಾಪೊಲಿಸ್ ಎಂಬ ಊರಲ್ಲಿ. ದೊಡ್ಡಮ್ಮ ಅಲ್ಲಿಯವರೆಗೆ ವಿಮಾನ ನೋಡಿದ್ದು ಆಕಾಶದಲ್ಲಿ ಮಾತ್ರ. ಟಿಕೆಟ್ ಬಂದ ದಿನ ಮೊಮ್ಮಗನಿಂದ ಓದಿಸಿಕೊಂಡು ನನಗೆ ಫೋನ್ ಮಾಡಿದರು. ‘ಲೋ ಮಗಾ, ಇದ್ರಲ್ಲಿ ಲೇಓವರ್ ಎರಡೂ ಮುಕ್ಕಾಲು ಗಂಟೆ ಅಂತ ಐತಂತೆ. ಅಷ್ಟೊತ್ತು ವಿಮಾನ ಮೇಲೇ ನಿಂತಿರ್ತದಾ?’

ನಗು ಬಂತು, ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಆ ಪದವನ್ನು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಅವರಿಗಾಗಿ ಎರಡು ಹಾಳೆ ಕನ್ನಡದಲ್ಲಿ ಬರೆದುಕೊಟ್ಟೆ. ಅದನ್ನೇ ಸ್ವಲ್ಪ ಹಿಗ್ಗಿಸಿ ಇಲ್ಲಿ ಕೊಡುತ್ತಿದ್ದೇನೆ. ದೊಡ್ಡಮ್ಮನ ಪ್ರಯಾಣವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಅವರ ಟಿಕೆಟ್‌ನಲ್ಲಿದ್ದ ಮುಖ್ಯ ಸಾಲುಗಳು ಹೀಗಿದ್ದವು:

```
BLR 04:30 - DXB 07:00   15 JUN
DXB 09:45 - ORD 16:00   15 JUN
ORD 19:10 - MSP 20:45   15 JUN
```

ಮೂರಕ್ಷರದ ಆ ಸಂಕೇತಗಳು ವಿಮಾನ ನಿಲ್ದಾಣದ ಹೆಸರುಗಳು. BLR ಬೆಂಗಳೂರು, DXB ದುಬೈ, ORD ಶಿಕಾಗೊ, MSP ಮಿನಿಯಾಪೊಲಿಸ್. ಈ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಬೋರ್ಡಿಂಗ್ ಪಾಸ್, ಬ್ಯಾಗಿನ ಚೀಟಿ, ಗೋಡೆಯ ಮೇಲಿನ ಪರದೆ, ಎಲ್ಲ ಕಡೆ ಕೆಲಸಕ್ಕೆ ಬರುತ್ತವೆ.

ಮೊದಲು ತಾರೀಖು ನೋಡಿ

ವಿಮಾನದ ಸಮಯ ಸಾಮಾನ್ಯವಾಗಿ ರೈಲಿನ ಹಾಗೆ 24 ಗಂಟೆಯ ಲೆಕ್ಕದಲ್ಲಿರುತ್ತದೆ. 15ನೇ ತಾರೀಖು 04:30 ಅಂದರೆ 15ರ ಬೆಳಗಿನ ಜಾವ ನಾಲ್ಕೂವರೆ. ಹಾಗಾದರೆ ಮನೆ ಬಿಡಬೇಕಾದದ್ದು 14ರ ರಾತ್ರಿ. ನಮ್ಮ ದೊಡ್ಡಪ್ಪ ಕಾರಿನವನಿಗೆ 15ರ ರಾತ್ರಿಗೆ ಹೇಳಿಟ್ಟಿದ್ದರು! ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ಎಷ್ಟೋ ವಿಮಾನಗಳು ನಡುರಾತ್ರಿ ದಾಟಿದ ಮೇಲೆಯೇ ಹೊರಡುವುದರಿಂದ ಈ ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ.

ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಅಂದರೆ ರಾತ್ರಿ ಒಂದೂವರೆಗೆ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ. ತಿಪಟೂರಿನಿಂದ ಅಲ್ಲಿಗೆ ಮೂರು ಮೂರೂವರೆ ಗಂಟೆ ದಾರಿ. ಟೈರು ಪಂಕ್ಚರ್ ಆದರೂ ಇರಲಿ ಅಂತ ರಾತ್ರಿ ಒಂಬತ್ತಕ್ಕೇ ಹೊರಟೆವು. ಬೆಂಗಳೂರಿನಲ್ಲಿ ಹೊರದೇಶದ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಟರ್ಮಿನಲ್ ಅಂದರೆ ಕಟ್ಟಡ. ಗೇಟ್ ಅಂದರೆ ಆ ಕಟ್ಟಡದೊಳಗೆ ವಿಮಾನಕ್ಕೆ ಹತ್ತುವ ಬಾಗಿಲು. ಬಸ್ ಸ್ಟ್ಯಾಂಡಿಗೆ ಹೋಲಿಸಿದರೆ ಗೇಟನ್ನು ಪ್ಲಾಟ್‌ಫಾರಂ ಅಂದುಕೊಳ್ಳಬಹುದು.

ಇನ್ನೊಂದು ವಿಷಯ. ಟಿಕೆಟ್‌ನಲ್ಲಿ ಬರೆದಿರುವ ಹೊತ್ತು ಆಯಾ ಊರಿನ ಹೊತ್ತು. 07:00 ಅಂದರೆ ದುಬೈನ ಏಳು. ಆಗ ನಮ್ಮಲ್ಲಿ ಎಂಟೂವರೆ, ಯಾಕೆಂದರೆ ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಶಿಕಾಗೊ ಬೇಸಿಗೆಯಲ್ಲಿ ಹತ್ತೂವರೆ ಗಂಟೆ ಹಿಂದೆ. ದೊಡ್ಡಮ್ಮನ ಇಡೀ ಪ್ರಯಾಣ ಸುಮಾರು ಇಪ್ಪತ್ತಾರೂ ಮುಕ್ಕಾಲು ಗಂಟೆ, ಆದರೂ ಟಿಕೆಟ್‌ನಲ್ಲಿ ಮೂರೂ ಸಾಲಿಗೆ ಒಂದೇ ತಾರೀಖು. ‘ಹದಿನೈದನೇ ತಾರೀಖು ಮುಗಿಯೋದೇ ಇಲ್ವಾ ಹಂಗಾರೆ?’ ಅಂದರು. ಒಂದು ರೀತಿಯಲ್ಲಿ ನಿಜವೇ.

ಲೇಓವರ್, ಟ್ರಾನ್ಸಿಟ್, ಸ್ಟಾಪ್‌ಓವರ್

ಲೇಓವರ್ ಅಂದರೆ ಒಂದು ವಿಮಾನ ಇಳಿದು ಮುಂದಿನ ವಿಮಾನ ಹತ್ತುವವರೆಗೆ ಮಧ್ಯದ ಊರಲ್ಲಿ ಕಾಯುವ ಹೊತ್ತು. ಅರಸೀಕೆರೆಯಲ್ಲಿ ಇಳಿದು ಮುಂದಿನ ರೈಲಿಗೆ ಕಾಯುತ್ತೇವಲ್ಲ, ಅದೇ. ದೊಡ್ಡಮ್ಮನಿಗೆ ಅಂಥವು ಎರಡು. ದುಬೈನಲ್ಲಿ ಎರಡೂ ಮುಕ್ಕಾಲು ಗಂಟೆ, ಶಿಕಾಗೊದಲ್ಲಿ ಮೂರು ಗಂಟೆ ಹತ್ತು ನಿಮಿಷ. ಈ ಕಾಯುವಿಕೆ 24 ಗಂಟೆ ದಾಟಿದರೆ ಹೊರದೇಶದ ಪ್ರಯಾಣದಲ್ಲಿ ಅದನ್ನು ಸ್ಟಾಪ್‌ಓವರ್ ಅನ್ನುತ್ತಾರೆ. ಆಗ ನೀವು ಆ ಊರೊಳಗೆ ಹೋಗಿ ಉಳಿದುಕೊಂಡ ಹಾಗೆ ಲೆಕ್ಕ.

ಟ್ರಾನ್ಸಿಟ್ ಅನ್ನುವುದು ಹೊತ್ತಿನ ಹೆಸರಲ್ಲ, ನಿಮ್ಮ ಸ್ಥಿತಿಯ ಹೆಸರು. ನೀವು ದುಬೈಗೆ ಬಂದವರಲ್ಲ, ದುಬೈ ಹಾದು ಹೋಗುತ್ತಿರುವವರು. ಆ ದೇಶದೊಳಗೆ ಕಾಲಿಡುವುದಿಲ್ಲ, ನಿಲ್ದಾಣದ ಒಳಗಡೆಯೇ ಒಂದು ಗೇಟ್‌ನಿಂದ ಇನ್ನೊಂದು ಗೇಟ್‌ಗೆ ಹೋಗುತ್ತೀರಿ. ಕಟ್ಟುನಿಟ್ಟಾಗಿ ಹೇಳಿದರೆ ಅದೇ ವಿಮಾನ ಮುಂದುವರಿದರೆ ಟ್ರಾನ್ಸಿಟ್, ವಿಮಾನ ಬದಲಾದರೆ ಟ್ರಾನ್ಸ್‌ಫರ್. ಆದರೆ ಜನ ಎರಡಕ್ಕೂ ಟ್ರಾನ್ಸಿಟ್ ಅಂತಲೇ ಹೇಳುತ್ತಾರೆ, ನಾವೂ ಹಾಗೇ ಹೇಳೋಣ. ಬೋರ್ಡುಗಳಲ್ಲಿ ಮಾತ್ರ Transfers, Connections, Transit ಈ ಮೂರರಲ್ಲಿ ಯಾವುದಾದರೂ ಬರೆದಿರಬಹುದು. ಮೂರೂ ನಿಮಗೇ.

ಡೈರೆಕ್ಟ್ ಫ್ಲೈಟ್ ಅನ್ನುವ ಮಾತಿಗೆ ಮೋಸ ಹೋಗಬೇಡಿ. ಡೈರೆಕ್ಟ್ ಅಂದರೆ ಫ್ಲೈಟ್ ನಂಬರ್ ಒಂದೇ ಅಂತ ಅಷ್ಟೇ, ಮಧ್ಯದಲ್ಲಿ ಎಲ್ಲೋ ಇಳಿದು ಹೊರಡಬಹುದು. ಎಲ್ಲೂ ಇಳಿಯದೇ ಹೋಗುವುದಕ್ಕೆ ನಾನ್‌ಸ್ಟಾಪ್ ಅನ್ನಬೇಕು.

ಟಿಕೆಟ್ ಒಂದೋ ಎರಡೋ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮುಂದಿನ ಎಲ್ಲವೂ ಇದರ ಮೇಲೆ ನಿಂತಿದೆ.

ಟಿಕೆಟ್‌ನಲ್ಲಿ ಆರು ಅಕ್ಷರ, ಅಂಕಿ ಸೇರಿದ ಒಂದು ಸಂಕೇತ ಇರುತ್ತದೆ. ಅದು ಪಿಎನ್‌ಆರ್. ದೊಡ್ಡಮ್ಮನ ಮೂರೂ ವಿಮಾನಗಳು ಒಂದೇ ಪಿಎನ್‌ಆರ್ ಅಡಿಯಲ್ಲಿದ್ದವು. ಮೂರನೆಯ ವಿಮಾನ ಬೇರೆ ಕಂಪನಿಯದು, ಆದರೂ ಟಿಕೆಟ್ ಒಂದೇ. ವಿಮಾನದ ಕಂಪನಿಗಳು ಹೀಗೆ ಒಬ್ಬರ ಟಿಕೆಟ್‌ನಲ್ಲಿ ಇನ್ನೊಬ್ಬರ ವಿಮಾನ ಸೇರಿಸಿ ಮಾರುತ್ತವೆ. ಕೋಡ್‌ಶೇರ್ ಅನ್ನುವ ಪದ ಕಂಡರೆ ಅರ್ಥ ಅದೇ: ನಂಬರ್ ಒಬ್ಬರದು, ಹಾರಿಸುವವರು ಇನ್ನೊಬ್ಬರು. ಯಾರು ಹಾರಿಸುತ್ತಾರೆ ಅನ್ನುವುದನ್ನು Operated by ಅಂತ ಸಣ್ಣದಾಗಿ ಬರೆದಿರುತ್ತಾರೆ. ನೀವು ಹೋಗಬೇಕಾದದ್ದು ಹಾರಿಸುವವರ ಕೌಂಟರ್‌ಗೆ.

ಒಂದೇ ಟಿಕೆಟ್ ಇದ್ದರೆ ಎರಡು ಅನುಕೂಲ. ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ, ನಿಮ್ಮನ್ನು ಕೊನೆಯ ಊರಿಗೆ ತಲುಪಿಸುವ ಹೊಣೆ ಕಂಪನಿಯದು. ಇನ್ನೊಂದು ವಿಮಾನದಲ್ಲಿ ಸೀಟು ಕೊಡುತ್ತಾರೆ. ಎರಡನೆಯದು, ದೊಡ್ಡ ಬ್ಯಾಗನ್ನು ಬೆಂಗಳೂರಲ್ಲಿ ಕೊಟ್ಟರೆ ಮಧ್ಯದ ಊರಲ್ಲಿ ಅವರೇ ವಿಮಾನದಿಂದ ವಿಮಾನಕ್ಕೆ ದಾಟಿಸುತ್ತಾರೆ.

ಬೇರೆ ಬೇರೆ ಟಿಕೆಟ್ ತೆಗೆದರೆ ಏನಾಗುತ್ತದೆ ಅನ್ನುವುದನ್ನು ನನ್ನ ಕೈಯಿಂದಲೇ ದುಡ್ಡು ಕಟ್ಟಿ ಕಲಿತಿದ್ದೇನೆ. ಕೆಲವು ವರ್ಷದ ಹಿಂದೆ ಮಂಗಳೂರಿನಿಂದ ಮುಂಬೈಗೆ ಒಂದು ಟಿಕೆಟ್, ಮುಂಬೈನಿಂದ ಗಲ್ಫಿಗೆ ಇನ್ನೊಂದು ಕಂಪನಿಯ ಟಿಕೆಟ್ ತೆಗೆದೆ. ನಾಲ್ಕು ಸಾವಿರ ಉಳಿಯಿತು ಅಂತ ಖುಷಿ. ಮಧ್ಯೆ ಮೂರೂವರೆ ಗಂಟೆ ಇತ್ತು, ಸಾಕು ಅಂದುಕೊಂಡೆ. ಮಂಗಳೂರಲ್ಲಿ ಮಳೆಗೆ ವಿಮಾನ ಒಂದೂವರೆ ಗಂಟೆ ತಡ. ಮುಂಬೈಯಲ್ಲಿ ಇಳಿದು, ಬ್ಯಾಗುಗಳು ಸುತ್ತಿ ಬರುವ ಬೆಲ್ಟಿನ ಮುಂದೆ ನನ್ನ ಬ್ಯಾಗಿಗೆ ಕಾದೆ. ಆಮೇಲೆ ರಸ್ತೆ ಮೇಲೆ ಇನ್ನೊಂದು ಟರ್ಮಿನಲ್‌ಗೆ ಹೋಗಬೇಕಿತ್ತು. ಅಲ್ಲಿ ತಲುಪಿದಾಗ ಕೌಂಟರ್ ಮುಚ್ಚಿ ಹತ್ತು ನಿಮಿಷವಾಗಿತ್ತು. ವಿಮಾನ ಇನ್ನೂ ಅಲ್ಲೇ ನಿಂತಿದೆ, ನನ್ನನ್ನು ಬಿಡುವವರಿಲ್ಲ. ಮೊದಲ ಕಂಪನಿಯವರು ‘ನಿಮ್ಮನ್ನು ಮುಂಬೈಗೆ ತಲುಪಿಸಿದೆವಲ್ಲ’ ಅಂದರು. ಎರಡನೆಯವರು ‘ನೀವು ಬರಲೇ ಇಲ್ಲವಲ್ಲ’ ಅಂದರು. ಇಬ್ಬರದೂ ಸರಿಯೇ. ತಪ್ಪು ನನ್ನದು. ಹೊಸ ಟಿಕೆಟ್‌ಗೆ ಉಳಿಸಿದ್ದರ ಐದು ಪಟ್ಟು ಹೋಯಿತು.

ಮೊದಲ ಸಲ ಹೋಗುವವರಿಗೆ, ಅದರಲ್ಲೂ ವಯಸ್ಸಾದವರಿಗೆ, ಬೇರೆ ಬೇರೆ ಟಿಕೆಟ್ ತೆಗೆಯಲೇಬೇಡಿ. ಏಜೆಂಟ್ ಟಿಕೆಟ್ ಕಳಿಸಿದಾಗ ಕೇಳಬೇಕಾದ ಪ್ರಶ್ನೆ ಒಂದೇ: ‘ಎಲ್ಲಾ ಒಂದೇ ಪಿಎನ್‌ಆರ್‌ನಲ್ಲಿದೆಯಾ, ಬ್ಯಾಗ್ ಕೊನೆಯವರೆಗೂ ಹೋಗುತ್ತಾ?’

ಟ್ರಾನ್ಸಿಟ್ ವೀಸಾ

ದುಬೈನಲ್ಲಿ ನಿಲ್ದಾಣದ ಒಳಗೇ ವಿಮಾನ ಬದಲಿಸುವವರಿಗೆ ವೀಸಾ ಬೇಡ. ಎಲ್ಲ ದೇಶವೂ ಹಾಗಲ್ಲ. ಬ್ರಿಟನ್‌ನಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಒಳಗೇ ವಿಮಾನ ಬದಲಿಸಲೂ ವೀಸಾ ಬೇಕು. ಅಮೆರಿಕದ ಚಾಲ್ತಿ ವೀಸಾದಂಥದ್ದು ಕೈಯಲ್ಲಿದ್ದರೆ ವಿನಾಯಿತಿ ಇದೆ. ಅಮೆರಿಕದಲ್ಲಂತೂ ಒಳಗೇ ಹಾದು ಹೋಗುವ ವ್ಯವಸ್ಥೆಯೇ ಇಲ್ಲ. ಅಲ್ಲಿ ಬರೀ ವಿಮಾನ ಬದಲಿಸುವುದಿದ್ದರೂ ವೀಸಾ ಇಟ್ಟುಕೊಂಡು, ಪಾಸ್‌ಪೋರ್ಟ್ ನೋಡಿ ದೇಶದೊಳಗೆ ಬಿಡುವ ಇಮಿಗ್ರೇಷನ್ ದಾಟಲೇಬೇಕು. ಈ ನಿಯಮಗಳು ಬದಲಾಗುತ್ತಿರುತ್ತವೆ, ಹಾಗಾಗಿ ಟಿಕೆಟ್‌ಗೆ ದುಡ್ಡು ಕಟ್ಟುವ ಮೊದಲೇ ಮಧ್ಯದ ದೇಶದ ಸರ್ಕಾರಿ ವೆಬ್‌ಸೈಟ್ ನೋಡಿ. ವೀಸಾ ಇಲ್ಲದಿದ್ದರೆ ನಿಮ್ಮನ್ನು ತಡೆಯುವುದು ಆ ದೇಶದಲ್ಲಲ್ಲ, ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಲ್ಲೇ.

ಬ್ಯಾಗೇಜ್ ಅಲೋಯೆನ್ಸ್: 46 ಕೆಜಿ ಅಲ್ಲ, 23 ಮತ್ತು 23

ಬ್ಯಾಗೇಜ್ ಅಲೋಯೆನ್ಸ್ ಅಂದರೆ ಟಿಕೆಟ್ ದುಡ್ಡಿನಲ್ಲೇ ಎಷ್ಟು ಸಾಮಾನು ಒಯ್ಯಬಹುದು ಅನ್ನುವ ಮಿತಿ. ಇದರಲ್ಲಿ ಎರಡು ಬಗೆ. ಕೌಂಟರ್‌ನಲ್ಲಿ ಕೊಟ್ಟು ವಿಮಾನದ ಹೊಟ್ಟೆಗೆ ಹೋಗುವುದು ಚೆಕ್-ಇನ್ ಬ್ಯಾಗ್. ಜೊತೆಯಲ್ಲಿ ಸೀಟಿನವರೆಗೆ ಬರುವುದು ಕ್ಯಾಬಿನ್ ಬ್ಯಾಗ್, ಸಾಮಾನ್ಯವಾಗಿ 7 ಕೆಜಿ.

ಚೆಕ್-ಇನ್ ಬ್ಯಾಗನ್ನು ಅಳೆಯುವ ಕ್ರಮವೂ ಎರಡು. ದೇಶದೊಳಗಿನ ವಿಮಾನಗಳಲ್ಲಿ ತೂಕದ ಲೆಕ್ಕ, ಹೆಚ್ಚಾಗಿ 15 ಕೆಜಿ. ಅಮೆರಿಕದ ಕಡೆಗೆ ಹೋಗುವಾಗ ಪೀಸ್ ಲೆಕ್ಕ: ಇಷ್ಟು ಬ್ಯಾಗ್, ಒಂದೊಂದೂ ಇಷ್ಟು ಕೆಜಿ. ದೊಡ್ಡಮ್ಮನ ಟಿಕೆಟ್‌ನಲ್ಲಿ 2PC ಅಂತಿತ್ತು. ಅಂದರೆ ಎರಡು ಬ್ಯಾಗ್, ಒಂದೊಂದು 23 ಕೆಜಿಯವರೆಗೆ. ಕೆಲವು ಅಗ್ಗದ ಟಿಕೆಟ್‌ಗಳಲ್ಲಿ 1PC ಇರುತ್ತದೆ, ತಪ್ಪದೇ ನೋಡಿ.

ಮನೆಮಂದಿ ಎಡವುವುದು ಇಲ್ಲೇ. ಎರಡು 23 ಸೇರಿ 46 ಅಲ್ವಾ, ಒಂದರಲ್ಲಿ 26 ಇನ್ನೊಂದರಲ್ಲಿ 20 ಇದ್ದರೆ ಆಯ್ತು ಅಂದುಕೊಳ್ಳುತ್ತಾರೆ. ಆಗಲ್ಲ. 26ರ ಬ್ಯಾಗಿಗೆ ದಂಡ ಕಟ್ಟಬೇಕು, ಇಲ್ಲವೇ ಅಲ್ಲೇ ನೆಲದ ಮೇಲೆ ಬ್ಯಾಗ್ ಬಿಚ್ಚಿ ಚಟ್ನಿಪುಡಿ ಡಬ್ಬಿಯನ್ನು ಅದರಿಂದ ಇದಕ್ಕೆ ಹಾಕಬೇಕು. ದಿನಾ ರಾತ್ರಿ ಆ ಕೌಂಟರ್‌ಗಳ ಪಕ್ಕದಲ್ಲಿ ಈ ದೃಶ್ಯ ಕಾಣುತ್ತದೆ. ಒಂದೇ ಬ್ಯಾಗ್ 32 ಕೆಜಿ ದಾಟಿದರೆ ದುಡ್ಡು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ, ಎತ್ತುವವರ ಬೆನ್ನಿನ ಪ್ರಶ್ನೆ ಅದು. ಬ್ಯಾಗಿನ ಅಳತೆಗೂ ಮಿತಿ ಇದೆ: ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿದರೆ ಸಾಮಾನ್ಯವಾಗಿ 158 ಸೆಂಟಿಮೀಟರ್ ದಾಟಬಾರದು.

ಮನೆಯಲ್ಲೇ ತೂಗಿ. ಕೊಕ್ಕೆಗೆ ನೇತು ಹಾಕುವ ಸಣ್ಣ ಡಿಜಿಟಲ್ ತಕ್ಕಡಿ ಸಿಗುತ್ತದೆ. ಅದಿಲ್ಲದಿದ್ದರೆ ಮೈತೂಕದ ಯಂತ್ರದ ಮೇಲೆ ಬ್ಯಾಗ್ ಹಿಡಿದು ನಿಂತು, ನಿಮ್ಮ ತೂಕ ಕಳೆಯಿರಿ. 22ಕ್ಕೆ ನಿಲ್ಲಿಸುವುದು ಒಳ್ಳೆಯದು, ತಕ್ಕಡಿಯಿಂದ ತಕ್ಕಡಿಗೆ ಸ್ವಲ್ಪ ಹೆಚ್ಚುಕಮ್ಮಿ ಬರುತ್ತದೆ. ಖಾಲಿ ಸೂಟ್‌ಕೇಸೇ ನಾಲ್ಕೈದು ಕೆಜಿ ಇರುತ್ತದೆ, ಅದೂ ಲೆಕ್ಕಕ್ಕೆ ಸೇರಿದ್ದು.

ತಿಪಟೂರಿನವರಲ್ವಾ, ದೊಡ್ಡಮ್ಮ ಎರಡು ಕೆಜಿ ಒಣಕೊಬ್ಬರಿ ಕಟ್ಟಿಟ್ಟಿದ್ದರು. ಅದನ್ನು ತೆಗೆಸಬೇಕಾಯಿತು. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ. 2022ರಲ್ಲಿ ನಮ್ಮ ವಿಮಾನ ಭದ್ರತಾ ಇಲಾಖೆ ಅದನ್ನು ಚೆಕ್-ಇನ್ ಬ್ಯಾಗಿನಲ್ಲಿ ಇಡುವಂತಿಲ್ಲ ಅಂತ ಮಾಡಿತು. ‘ಕೊಬ್ರಿ ಹತ್ಕೊಂಡು ವಿಮಾನ ಸುಡ್ತದಂತಾ? ನಮ್ಮ ಅಟ್ಟದಾಗೆ ವರ್ಷಾನುಗಟ್ಲೆ ಇರ್ತದೆ’ ಅಂತ ಅವರಿಗೆ ಇವತ್ತಿಗೂ ಸಮಾಧಾನವಿಲ್ಲ.

ಉಪ್ಪಿನಕಾಯಿ, ತುಪ್ಪ ಚೆಕ್-ಇನ್ ಬ್ಯಾಗಿಗೆ, ಎರಡು ಸುತ್ತು ಪ್ಲಾಸ್ಟಿಕ್ ಕಟ್ಟಿ. ಕ್ಯಾಬಿನ್ ಬ್ಯಾಗಿನಲ್ಲಿ ದ್ರವವಾಗಲಿ, ಪೇಸ್ಟ್‌ನಂಥದ್ದಾಗಲಿ ಒಂದೊಂದು ಬಾಟಲಿ 100 ಎಂಎಲ್ ದಾಟಬಾರದು. ಅರ್ಧ ಖಾಲಿಯಾದ 200 ಎಂಎಲ್ ಬಾಟಲಿಯೂ ನಡೆಯುವುದಿಲ್ಲ, ನೋಡುವುದು ಬಾಟಲಿಯ ಅಳತೆಯನ್ನು. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ: ಅದು ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು, ಚೆಕ್-ಇನ್‌ನಲ್ಲಿ ಇಟ್ಟರೆ ಬ್ಯಾಗನ್ನೇ ತಡೆಹಿಡಿಯುತ್ತಾರೆ. ಮಾತ್ರೆ, ವೈದ್ಯರ ಚೀಟಿ, ಚಿನ್ನ, ಒಂದು ಜೊತೆ ಬಟ್ಟೆ ಕೂಡ ಕೈಯಲ್ಲೇ ಇರಲಿ. ಹಸಿ ಕರಿಬೇವು, ಹಣ್ಣು, ತರಕಾರಿ ಅಮೆರಿಕಕ್ಕೆ ಬೇಡ.

ಕೌಂಟರ್‌ನಲ್ಲಿ: ಬೋರ್ಡಿಂಗ್ ಪಾಸ್ ಮತ್ತು ಬ್ಯಾಗಿನ ಚೀಟಿ

ಟಿಕೆಟ್ ಇದ್ದ ಮಾತ್ರಕ್ಕೆ ವಿಮಾನ ಹತ್ತಲು ಆಗುವುದಿಲ್ಲ. ‘ನಾನು ಬಂದಿದ್ದೇನೆ’ ಅಂತ ಹೇಳುವುದು ಚೆಕ್-ಇನ್, ಅದಕ್ಕೆ ಸಿಗುವ ಚೀಟಿ ಬೋರ್ಡಿಂಗ್ ಪಾಸ್. ಒಂದೆರಡು ದಿನ ಮೊದಲೇ ಮೊಬೈಲ್‌ನಲ್ಲಿ ವೆಬ್ ಚೆಕ್-ಇನ್ ಮಾಡಬಹುದು, ಸೀಟು ಗಟ್ಟಿಯಾಗುತ್ತದೆ. ಆದರೆ ದೊಡ್ಡ ಬ್ಯಾಗ್ ಇದ್ದರೆ ಕೌಂಟರ್‌ಗೆ ಹೋಗಲೇಬೇಕು. ಕೌಂಟರ್ ವಿಮಾನ ಹೊರಡುವುದಕ್ಕೆ ಒಂದು ಗಂಟೆ ಮೊದಲು ಅಥವಾ ಅದಕ್ಕೂ ಮುಂಚೆಯೇ ಮುಚ್ಚುತ್ತದೆ.

ಕೈಗೆ ಬಂದ ಪಾಸನ್ನು ಅಲ್ಲೇ ನಿಂತು ಓದಿ. ಹೆಸರು ನೋಡಿದರೆ ಗಾಬರಿಯಾಗಬಹುದು. ಮನೆಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಅದಕ್ಕೇ ಅಂಟಿಕೊಂಡು MRS ಅಥವಾ MR. ಅದು ತಪ್ಪಲ್ಲ, ಯಂತ್ರ ಹಾಗೇ ಅಚ್ಚು ಹಾಕುತ್ತದೆ. ಉಳಿದ ಅಕ್ಷರಗಳು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇರಬೇಕು. ನಮ್ಮ ಕಡೆ ಇನಿಷಿಯಲ್ ಮಾತ್ರ ಇರುವವರು ಟಿಕೆಟ್ ಮಾಡುವಾಗಲೇ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಹೆಸರು ಕೊಡಿ.

ಆಮೇಲೆ ಸಮಯ. ಪಾಸ್ ಮೇಲೆ ದೊಡ್ಡದಾಗಿ ಕಾಣುವುದು Boarding Time, ಅಂದರೆ ಹತ್ತಿಸಿಕೊಳ್ಳಲು ಶುರು ಮಾಡುವ ಹೊತ್ತು. ಹೊರಡುವ ಹೊತ್ತು ಅದಲ್ಲ. ಗೇಟ್ ಹೊರಡುವುದಕ್ಕೆ ಸುಮಾರು 20 ನಿಮಿಷ ಮೊದಲು ಮುಚ್ಚುತ್ತದೆ. ದೊಡ್ಡಮ್ಮನ 04:30ರ ವಿಮಾನಕ್ಕೆ ನಾಲ್ಕೂ ಹತ್ತರ ಹೊತ್ತಿಗೆ ಬಾಗಿಲು ಬಂದ್. ಬಸ್ಸಿನ ಹಾಗೆ ಹೊರಡುವಾಗ ಓಡಿ ಹತ್ತುವುದು ಇಲ್ಲಿಲ್ಲ.

Seat ಅಂದರೆ ಸೀಟು, ಉದಾಹರಣೆಗೆ 31K. Zone ಅಥವಾ Group ಅಂದರೆ ಯಾವ ಗುಂಪಿನ ಜೊತೆ ಹತ್ತಬೇಕು ಅಂತ. Seq ಅಂತ ಒಂದು ನಂಬರ್ ಇರುತ್ತದೆ. ಅದು ನೀವು ಎಷ್ಟನೆಯವರಾಗಿ ಚೆಕ್-ಇನ್ ಮಾಡಿದಿರಿ ಅನ್ನುವ ಲೆಕ್ಕ, ನಿಮಗೆ ಅದರ ಉಪಯೋಗವಿಲ್ಲ. ಹೇಳಿದ್ದು ಯಾಕೆಂದರೆ ಅದನ್ನೇ ಸೀಟ್ ನಂಬರ್ ಅಂದುಕೊಂಡು ಬೇರೆಯವರ ಜಾಗದಲ್ಲಿ ಕೂರುವವರಿದ್ದಾರೆ. ಅಮೆರಿಕಕ್ಕೆ ಹೋಗುವ ಪಾಸ್ ಮೇಲೆ SSSS ಅಂತ ಕಂಡರೆ ಹೆಚ್ಚಿನ ತಪಾಸಣೆ ಇದೆ ಅಂತ ಅರ್ಥ. ಹೆದರಬೇಡಿ, ಸ್ವಲ್ಪ ಬೇಗ ಗೇಟ್ ಹತ್ತಿರ ಹೋಗಿ.

ದೊಡ್ಡಮ್ಮನಿಗೆ ಬೆಂಗಳೂರಲ್ಲೇ ಮೂರೂ ಪಾಸ್ ಸಿಕ್ಕವು. ಕೆಲವು ಸಲ ಮುಂದಿನ ಕಂಪನಿಯದು ಅಲ್ಲಿ ಹೋಗಿ ತೆಗೆದುಕೊಳ್ಳಬೇಕಾಗುತ್ತದೆ, ಕೇಳಿ ತಿಳಿದುಕೊಳ್ಳಿ. ಕ್ರಮವಾಗಿ 1, 2, 3 ಅಂತ ಪೆನ್ನಲ್ಲಿ ಬರೆದುಕೊಟ್ಟೆ.

ಈಗ ಬ್ಯಾಗಿನ ಚೀಟಿ. ಬ್ಯಾಗಿನ ಹಿಡಿಕೆಗೆ ಉದ್ದದ ಪಟ್ಟಿ ಸುತ್ತುತ್ತಾರೆ. ಅದು ಬೆಲ್ಟಿನಲ್ಲಿ ಒಳಗೆ ಹೋಗುವ ಮೊದಲು ಅದರ ಮೇಲೆ ದೊಡ್ಡಕ್ಷರದಲ್ಲಿ ಏನಿದೆ ಅಂತ ನೋಡಿ. ದೊಡ್ಡಮ್ಮನದಕ್ಕೆ MSP ಇರಬೇಕು, ಇತ್ತು. DXB ಅಂತಿದ್ದರೆ ಬ್ಯಾಗ್ ದುಬೈನಲ್ಲೇ ಇಳಿದುಬಿಡುತ್ತಿತ್ತು. ಆ ಪಟ್ಟಿಯ ನಂಬರಿನ ಸಣ್ಣ ಸ್ಟಿಕರನ್ನು ನಿಮ್ಮ ಪಾಸ್ ಹಿಂದೆ ಅಂಟಿಸಿ ಕೊಡುತ್ತಾರೆ. ಎರಡು ಬ್ಯಾಗಿಗೆ ಎರಡು ಸ್ಟಿಕರ್. ಬ್ಯಾಗ್ ಕಳೆದರೆ ನಿಮ್ಮ ಹತ್ತಿರ ಇರುವ ಸಾಕ್ಷಿ ಅದೊಂದೇ, ಅದಕ್ಕೆ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಡಿ. ಬ್ಯಾಗಿನದೂ ಒಂದು.

ಮಂಡಿ ನೋವು ಇರುವವರಿಗೆ, ತುಂಬಾ ನಡೆಯಲಾಗದವರಿಗೆ ಗಾಲಿಕುರ್ಚಿ ಉಚಿತವಾಗಿ ಸಿಗುತ್ತದೆ. ಎರಡು ದಿನ ಮೊದಲೇ ಕಂಪನಿಗೆ ಹೇಳಿ ಬುಕ್ ಮಾಡಿಸಬೇಕು. ತಳ್ಳುವವರೇ ಎಲ್ಲ ಸಾಲುಗಳನ್ನು ದಾಟಿಸಿ ಗೇಟ್‌ಗೆ ಬಿಡುತ್ತಾರೆ. ಚೆನ್ನಾಗಿ ನಡೆಯುವವರೂ ಭಾಷೆ ಬರಲ್ಲ ಅಂತ ಇದನ್ನು ಕೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ, ನಿಜಕ್ಕೂ ಬೇಕಾದವರು ಕಾಯಬೇಕಾಗುತ್ತದೆ. ದೊಡ್ಡಮ್ಮ ಬೇಡ ಅಂದರು. ‘ತೋಟ ಸುತ್ತೋಳು ನಾನು’ ಅಂತ.

ದುಬೈ

ಇಳಿದ ತಕ್ಷಣ ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿ. ಮೊಬೈಲ್ ವೈಫೈ ಹಿಡಿಯದಿದ್ದರೆ ಅದು ಇನ್ನೂ ಭಾರತದ ಸಮಯವನ್ನೇ ತೋರಿಸುತ್ತಿರಬಹುದು, ಅದನ್ನು ನಂಬಬೇಡಿ.

ವಿಮಾನದಿಂದ ಹೊರಬಂದರೆ ಜನ ಎರಡು ಪಾಲಾಗುತ್ತಾರೆ. Arrivals, Baggage Claim ಬೋರ್ಡಿನ ಕಡೆಗೆ ಹೋಗುವವರು ದುಬೈಗೇ ಬಂದವರು. ಅವರ ಹಿಂದೆ ಹೋಗಬೇಡಿ. ಪಕ್ಕದ ಸೀಟಿನ ಕನ್ನಡದವರು ಅತ್ತ ಹೋದರೂ ಸರಿ, ನೀವು Connections ಬೋರ್ಡು ಹಿಡಿಯಿರಿ. ಅಲ್ಲಿ ಇನ್ನೊಮ್ಮೆ ಸೆಕ್ಯುರಿಟಿ ಇರುತ್ತದೆ. ಬಾಟಲಿಯ ನೀರು ಚೆಲ್ಲಿ ಹೋಗಬೇಕು.

ಆಮೇಲೆ ಪರದೆಯ ಹತ್ತಿರ ನಿಲ್ಲಿ. ಊರಿನ ಹೆಸರಿಗಿಂತ ಫ್ಲೈಟ್ ನಂಬರ್ ನೋಡಿ, ಯಾಕೆಂದರೆ ಒಂದೇ ಊರಿಗೆ ದಿನಕ್ಕೆ ಎರಡು ಮೂರು ವಿಮಾನ ಇರಬಹುದು. ನಂಬರ್ ಎದುರು ಗೇಟ್ ಇರುತ್ತದೆ. ಬೆಂಗಳೂರಲ್ಲಿ ಕೊಟ್ಟ ಪಾಸ್ ಮೇಲೆ ಗೇಟ್ ಇಲ್ಲದಿರಬಹುದು, ಇದ್ದರೂ ಬದಲಾಗಿರಬಹುದು, ಪರದೆಯೇ ಅಂತಿಮ. ದುಬೈ ಮೂರನೇ ಟರ್ಮಿನಲ್ ದೊಡ್ಡದು. ಗೇಟ್ ಎ ಸಾಲಿನಲ್ಲಿದ್ದರೆ ಒಳಗೇ ರೈಲು ಹತ್ತಬೇಕಾಗಬಹುದು. ಅದಕ್ಕೆ ಮೊದಲು ಗೇಟ್ ಹುಡುಕಿ, ಆಮೇಲೆ ಕಾಫಿ. ಈಗ ಬಹಳ ನಿಲ್ದಾಣಗಳಲ್ಲಿ ಮೈಕಿನಲ್ಲಿ ಕರೆಯುವುದನ್ನೇ ಬಿಟ್ಟಿದ್ದಾರೆ. ಪರದೆಯಲ್ಲಿ Final Call ಅಂತ ಬಂದರೆ ಓಡಬೇಕಾದ ಹೊತ್ತು, Gate Closed ಅಂದರೆ ಓಡಿ ಪ್ರಯೋಜನವಿಲ್ಲ. ಆಗ ಕಂಪನಿಯ ಟ್ರಾನ್ಸ್‌ಫರ್ ಡೆಸ್ಕ್ ಹುಡುಕಿ ಪಾಸ್ ತೋರಿಸಿ.

ದೊಡ್ಡಮ್ಮ ಗೇಟ್‌ಗೆ ಒಂದು ಗಂಟೆ ಮೊದಲೇ ಹೋಗಿ ಕೂತಿದ್ದರು. ಪಕ್ಕದಲ್ಲಿ ದಾವಣಗೆರೆಯ ಒಬ್ಬರು ಬೀಗರು ಸಿಕ್ಕರಂತೆ, ಮಾತಿಗೆ ಹೊತ್ತು ಸಾಲಲಿಲ್ಲವಂತೆ.

ಶಿಕಾಗೊ: ಚೀಟಿ MSP ಅಂದರೂ ಬ್ಯಾಗ್ ಇಲ್ಲಿ ತೆಗೆಯಬೇಕು

ತುಂಬಾ ಜನ ತಪ್ಪುವುದು ಇಲ್ಲಿ. ಬ್ಯಾಗ್ ಕೊನೆಯವರೆಗೂ ಹೋಗುತ್ತದೆ ಅಂತ ಬೆಂಗಳೂರಲ್ಲಿ ಹೇಳಿರುತ್ತಾರೆ, ಚೀಟಿಯಲ್ಲೂ MSP ಇದೆ. ಆದರೂ ಅಮೆರಿಕದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ ಬ್ಯಾಗನ್ನು ನೀವೇ ಬೆಲ್ಟಿನಿಂದ ಎತ್ತಿಕೊಂಡು, ತಂದ ಸಾಮಾನು ತಪಾಸಣೆ ಮಾಡುವ ಕಸ್ಟಮ್ಸ್ ದಾಟಿಸಬೇಕು. ಅಬುಧಾಬಿಯಂಥ ಕೆಲವೇ ನಿಲ್ದಾಣಗಳಲ್ಲಿ ಅಮೆರಿಕದವರೇ ಅಲ್ಲಿ ಕೂತು ತಪಾಸಣೆ ಮುಗಿಸಿಬಿಡುತ್ತಾರೆ. ಆ ದಾರಿಯಲ್ಲಿ ಬಂದರೆ ಈ ಕೆಲಸ ಇಲ್ಲ.

ಕ್ರಮ ಹೀಗೆ. ಮೊದಲು ಇಮಿಗ್ರೇಷನ್ ಸಾಲು. ಯಾಕೆ ಬಂದಿರಿ, ಎಷ್ಟು ದಿನ, ಎಲ್ಲಿ ಇರುತ್ತೀರಿ ಅಂತ ಕೇಳುತ್ತಾರೆ. ಮಗಳ ವಿಳಾಸ, ಫೋನ್, ವಾಪಸ್ ಟಿಕೆಟ್ ಒಂದು ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದೆ. ಆಮೇಲೆ ಬೆಲ್ಟಿನಲ್ಲಿ ಬ್ಯಾಗ್. ಆಮೇಲೆ ಕಸ್ಟಮ್ಸ್. ತಿಂಡಿ ಇದೆಯಾ ಅಂತ ಕೇಳಿದರೆ ಇದೆ ಅನ್ನಿ. ಚಕ್ಕುಲಿ, ಪುಡಿಗಳಿಗೆ ತೊಂದರೆಯಿಲ್ಲ, ಇಟ್ಟುಕೊಂಡು ಇಲ್ಲ ಅಂದರೆ ದಂಡ. ಹೊರಬಂದ ಕೂಡಲೇ ಮುಂದಿನ ವಿಮಾನದವರ ಬ್ಯಾಗ್ ತೆಗೆದುಕೊಳ್ಳುವ ಜಾಗ ಇರುತ್ತದೆ. ಚೀಟಿ ಹೇಗಿದ್ದರೂ ಸುತ್ತಿಯೇ ಇದೆ, ಹೊಸದು ಬೇಡ, ತೋರಿಸಿ ಅಲ್ಲೇ ಬಿಟ್ಟರೆ ಆಯಿತು. ಬ್ಯಾಗ್ ಎಳೆದುಕೊಂಡು ಮುಂದಕ್ಕೆ ಹೋಗಿಬಿಟ್ಟರೆ ಇನ್ನೊಂದು ಟರ್ಮಿನಲ್‌ನ ಕೌಂಟರ್‌ನಲ್ಲಿ ಮತ್ತೆ ಸಾಲು ನಿಲ್ಲಬೇಕು. ಕೊನೆಗೆ ನಿಲ್ದಾಣದ ರೈಲು ಹಿಡಿದು ಮುಂದಿನ ವಿಮಾನದ ಟರ್ಮಿನಲ್‌ಗೆ ಹೋಗಿ, ಅಲ್ಲಿ ಮತ್ತೆ ಸೆಕ್ಯುರಿಟಿ. ಇಷ್ಟಕ್ಕೆಲ್ಲ ಎರಡು ಗಂಟೆ ಸುಲಭವಾಗಿ ಹೋಗುತ್ತದೆ. ಅಮೆರಿಕದ ಮೊದಲ ನಿಲ್ದಾಣದಲ್ಲಿ ಒಂದೂವರೆ ಗಂಟೆಯ ಲೇಓವರ್ ಇರುವ ಟಿಕೆಟ್ ಅಗ್ಗಕ್ಕೆ ಸಿಕ್ಕರೂ ಬೇಡ ಅನ್ನಿ, ಮೂರು ಗಂಟೆ ಇಟ್ಟುಕೊಳ್ಳಿ.

ವಾಪಸ್ ಬರುವಾಗಲೂ ಇದೇ ನಿಯಮ ನಮ್ಮಲ್ಲಿ. ಹೊರದೇಶದಿಂದ ದೆಹಲಿಗೋ ಮುಂಬೈಗೋ ಬಂದು ಅಲ್ಲಿಂದ ಹುಬ್ಬಳ್ಳಿಗೆ ವಿಮಾನ ಇದ್ದರೆ, ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ಬ್ಯಾಗ್ ತೆಗೆದು ಕಸ್ಟಮ್ಸ್ ದಾಟಿಸಿ ಮತ್ತೆ ಕೊಡಬೇಕು.

ಮಿನಿಯಾಪೊಲಿಸ್‌ನಲ್ಲಿ ದೊಡ್ಡಮ್ಮನಿಗೆ ಒಂದೇ ಬ್ಯಾಗ್ ಬಂತು. ಬೆಲ್ಟ್ ನಿಂತು ಹೋಯಿತು, ಎರಡನೆಯದು ಇಲ್ಲ. ಹೀಗಾದರೆ ಮನೆಗೆ ಹೋಗಿ ಫೋನ್ ಮಾಡೋಣ ಅನ್ನಬೇಡಿ. ಬೆಲ್ಟಿನ ಪಕ್ಕದಲ್ಲೇ ಕೊನೆಯ ವಿಮಾನದ ಕಂಪನಿಯ ಬ್ಯಾಗೇಜ್ ಕೌಂಟರ್ ಇರುತ್ತದೆ, ಅಲ್ಲೇ ದೂರು ಬರೆಸಿ ಅದರ ನಂಬರ್ ತೆಗೆದುಕೊಂಡೇ ಹೊರಬನ್ನಿ. ಮಗಳು ಪಾಸ್ ಹಿಂದಿನ ಸ್ಟಿಕರ್ ಮತ್ತು ಫೋನಿನಲ್ಲಿದ್ದ ಫೋಟೊ ತೋರಿಸಿದಳು. ಹಿಡಿಕೆಗೆ ಹಳೇ ರವಿಕೆಯ ಕೆಂಪು ಅಂಚು ಕಟ್ಟಿದ್ದು ಫೋಟೊದಲ್ಲಿ ಕಾಣುತ್ತಿತ್ತು. ಬ್ಯಾಗ್ ಶಿಕಾಗೊದಲ್ಲೇ ಉಳಿದಿತ್ತು. ಮರುದಿನ ಮಧ್ಯಾಹ್ನ ಮನೆ ಬಾಗಿಲಿಗೆ ತಂದುಕೊಟ್ಟರು. ತೆಗೆದು ನೋಡಿದರೆ ಬಾಣಂತಿ ಲೇಹ್ಯದ ಡಬ್ಬಿ ಎಲ್ಲ ಸರಿಯಾಗಿತ್ತಂತೆ, ತುಪ್ಪ ಮಾತ್ರ ಒಂದು ಸುತ್ತು ಪ್ಲಾಸ್ಟಿಕ್ ದಾಟಿ ಎರಡನೇ ಸುತ್ತಿನಲ್ಲಿ ನಿಂತಿತ್ತಂತೆ.